ಎರಡು ರೂಪಾಯಿಯ ಜೆರಾಕ್ಸ್‌ನಲ್ಲಿ ಕೈಗೆ ಉಳಿಯುವುದೆಷ್ಟು?

ತಾಲ್ಲೂಕು ಕೇಂದ್ರದಲ್ಲಿ ಹತ್ತಡಿ ಅಗಲದ ಅಂಗಡಿಯಲ್ಲಿ ಜೆರಾಕ್ಸ್, ಪ್ರಿಂಟ್, ಲ್ಯಾಮಿನೇಷನ್, ಫೋಟೊ ಫ್ರೇಮ್ ನಾಲ್ಕನ್ನೂ ಶುರು ಮಾಡಲು ಸುಮಾರು ಒಂದೂವರೆ ಲಕ್ಷ ರೂಪಾಯಿ ಇಟ್ಟುಕೊಳ್ಳಿ. ಬಾಡಿಗೆಯ ಅಡ್ವಾನ್ಸ್ ಇದರಲ್ಲಿಲ್ಲ. ಊರಿಂದೂರಿಗೆ ದರ ಬೇರೆಯಾದರೂ ಹಂಚಿಕೆ ಹೆಚ್ಚುಕಡಿಮೆ ಹೀಗಿರುತ್ತದೆ: ರೀಕಂಡಿಷನ್ ಜೆರಾಕ್ಸ್ ಮೆಷಿನ್‌ಗೆ 65,000, ಹಳೆಯ ಕಂಪ್ಯೂಟರ್‌ಗೆ 18,000, ಇಂಕ್ ಟ್ಯಾಂಕ್ ಕಲರ್ ಪ್ರಿಂಟರ್‌ಗೆ 15,000, ಲ್ಯಾಮಿನೇಷನ್ ಮೆಷಿನ್‌ಗೆ 6,000, ಕೌಂಟರ್, ವೈರಿಂಗ್, ಸ್ಟೆಬಿಲೈಜರ್‌ಗೆ 18,000, ಪೇಪರ್ ಮತ್ತು ಪೌಚ್‌ಗೆ 10,000. ಉಳಿದ 18,000ವನ್ನು ರಿಪೇರಿಗೆಂದು ಮುಟ್ಟದೆ ಇಡಬೇಕು. ಹಳೆಯ ಮೆಷಿನ್ ಕೊಂಡವರು ಮೊದಲ ವರ್ಷದಲ್ಲೇ ಸೋಲುವುದು ಸಾಮಾನ್ಯವಾಗಿ ಈ ಕೊನೆಯ ಮೊತ್ತ ಇಲ್ಲದ್ದರಿಂದ.

ಒಂದು ಕಾಪಿಯ ಲೆಕ್ಕ ನೋಡಿ. 500 ಹಾಳೆಯ ಎ4 ಬಂಡಲ್‌ಗೆ 280 ರೂಪಾಯಿ ಆದರೆ ಹಾಳೆಗೆ 56 ಪೈಸೆ. ಟೋನರ್ 15 ಪೈಸೆ, ಡ್ರಮ್ಮು, ಬ್ಲೇಡು, ಟೋನರನ್ನು ಬಿಸಿಯಿಂದ ಹಾಳೆಗೆ ಅಂಟಿಸುವ ಫ್ಯೂಸರ್ ಇವುಗಳ ಸವೆತಕ್ಕೆ 10 ಪೈಸೆ, ಕರೆಂಟು ಮತ್ತು ಹಾಳಾದ ಹಾಳೆಗೆ 9 ಪೈಸೆ. ಒಟ್ಟು 90 ಪೈಸೆ. ಎರಡು ರೂಪಾಯಿಗೆ ಕೊಟ್ಟರೆ ಉಳಿಯುವುದು 1.10. ತಿಂಗಳ ಬಾಡಿಗೆ, ಇತರ ಖರ್ಚು ಸೇರಿ 6,000 ಎಂದರೆ, 26 ದಿನಕ್ಕೆ ಹಂಚಿದಾಗ ದಿನಕ್ಕೆ 230 ರೂಪಾಯಿ. ಅಂದರೆ ಮೊದಲ 210 ಕಾಪಿ ಅಂಗಡಿಗೆ, ಅದರ ಮೇಲಿನದಷ್ಟೇ ನಿಮಗೆ. ಟೋನರ್ ಡಬ್ಬದ ಮೇಲಿನ ಕಾಪಿ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಹಾಳೆಯ ಶೇಕಡ 5ರಷ್ಟು ಜಾಗದಲ್ಲಿ ಮಾತ್ರ ಕಪ್ಪು ಇದ್ದರೆ ಸಿಗುವ ಲೆಕ್ಕ ಅದು. ಫೋಟೊ ಇರುವ ಆಧಾರ್, ಹಿನ್ನೆಲೆ ಬಣ್ಣದ ಅಂಕಪಟ್ಟಿ ಅದಕ್ಕಿಂತ ಬಹಳ ಹೆಚ್ಚು ಟೋನರ್ ತಿನ್ನುತ್ತವೆ.

ಮೆಷಿನ್ ಕೊಳ್ಳುವಾಗ ಹತ್ತು ಕಾಪಿ ನೋಡಿ ಒಪ್ಪಬೇಡಿ. ಎರಡೂ ಬದಿಯಲ್ಲಿ ಐವತ್ತು ಹಾಳೆ ಓಡಿಸಿ. ಮೇಲಿನ ಫೀಡರ್‌ನಿಂದ ಕೊಟ್ಟಾಗ ಮಾತ್ರ ಉದ್ದಕ್ಕೂ ಗೆರೆ ಬಂದರೆ ಪಕ್ಕದ ಸಣ್ಣ ಗಾಜಿನ ಪಟ್ಟಿಯಲ್ಲಿ ಕೊಳೆ ಕೂತಿದೆ, ಒರೆಸಿದರೆ ಹೋಗುತ್ತದೆ. ಒಂದೇ ಅಂತರದಲ್ಲಿ ಮತ್ತೆ ಮತ್ತೆ ಚುಕ್ಕೆ ಬಂದರೆ ಡ್ರಮ್ಮಿಗೋ ರೋಲರಿಗೋ ಏಟಾಗಿದೆ, ಬೆಲೆ ಇಳಿಸಲು ಅದು ಸಾಕು. ಹೆಬ್ಬೆರಳಲ್ಲಿ ಉಜ್ಜಿದಾಗ ಅಕ್ಷರ ಅಳಿಸಿದರೆ ಫ್ಯೂಸರ್‌ಗೆ ಬಿಸಿ ಸಾಲುತ್ತಿಲ್ಲ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ಜಾಮ್ ಆಗುವುದಕ್ಕೆ ಮೆಷಿನ್‌ಗಿಂತ ಹೆಚ್ಚಾಗಿ ತೇವ ಹಿಡಿದ ಪೇಪರ್ ಕಾರಣ. ಬಂಡಲನ್ನು ನೆಲದ ಮೇಲಿಡದೆ, ಬೇಕಾದಷ್ಟೇ ಬಿಚ್ಚಿ, ಸಂಜೆ ಟ್ರೇಯಲ್ಲಿ ಉಳಿದದ್ದನ್ನು ಕವರ್‌ಗೆ ಹಾಕಿಡಿ.

ಲ್ಯಾಮಿನೇಷನ್‌ನಲ್ಲಿ ಲಾಭ ಚೆನ್ನಾಗಿದೆ, ತಪ್ಪಾದರೆ ಮಾತ್ರ ಹಿಂದಕ್ಕೆ ತರಲಾಗದು. 125 ಮೈಕ್ರಾನ್ ಪೌಚ್ ಹಾಕಿ, ಹಸಿರು ದೀಪ ಬಂದ ಮೇಲೂ ಒಂದೆರಡು ನಿಮಿಷ ಕಾದು, ಹಳೆಯ ಹಾಳೆಯಲ್ಲಿ ಒಂದು ಪರೀಕ್ಷೆ ಮಾಡಿಯೇ ಗ್ರಾಹಕರದನ್ನು ಮುಟ್ಟಿ. ಪೌಚಿನ ಮುಚ್ಚಿದ ಅಂಚು ಮೊದಲು ಒಳಗೆ ಹೋಗಬೇಕು. ತೆರೆದ ಕಡೆ ಮೊದಲು ಹೋದರೆ ಗಾಳಿ ಸಿಕ್ಕಿಕೊಂಡು ಮಡಿಕೆ ಬೀಳುತ್ತದೆ. ಮಂಜು ಕವಿದಂತೆ ಕಂಡರೆ ಬಿಸಿ ಕಡಿಮೆ, ಅದನ್ನೇ ಇನ್ನೊಮ್ಮೆ ಹಾಯಿಸಿದರೆ ಸರಿಹೋಗುತ್ತದೆ. ಅಲೆಅಲೆಯಾಗಿ ಸೊಟ್ಟಗಾದರೆ ಬಿಸಿ ಜಾಸ್ತಿ. ಇಂಕ್‌ಜೆಟ್‌ನಲ್ಲಿ ಆಗಷ್ಟೇ ತೆಗೆದ ಪ್ರಿಂಟನ್ನು ಒಣಗಿಸದೆ ಹಾಕಿದರೆ ಗುಳ್ಳೆ ಏಳುತ್ತದೆ. ಬ್ಯಾಂಕ್ ಎಟಿಎಂ ಚೀಟಿಯಂಥ ಥರ್ಮಲ್ ಕಾಗದ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ, ಅದರ ಜೆರಾಕ್ಸ್ ತೆಗೆದು ಅದನ್ನು ಹಾಕಿಕೊಡಿ. ಮೂಲ ಅಂಕಪಟ್ಟಿ, ಜನನ ಪತ್ರ ತಂದವರಿಗೆ ಬೇಡವೆಂದು ಹೇಳುವುದೇ ಸರಿ. ಮುಂದೆ ಅದರ ಮೇಲೆ ಸೀಲು, ಸಹಿ ಬೇಕಾದಾಗ ಪ್ಲಾಸ್ಟಿಕ್ ಬಿಡಿಸಲು ಹೋದರೆ ಕಾಗದವೇ ಹರಿಯುತ್ತದೆ. ಮೂವತ್ತು ರೂಪಾಯಿಯ ಆಸೆಗೆ ಒಬ್ಬ ಹುಡುಗನ ಅಂಕಪಟ್ಟಿ ಕೆಡಿಸಬಾರದು.

ಫ್ರೇಮ್ ಕೆಲಸವನ್ನು ಮೊದಲ ಕೆಲವು ತಿಂಗಳು ಸಿದ್ಧ ಫ್ರೇಮ್‌ಗಳಲ್ಲೇ ನಡೆಸಿ. ಫ್ರೇಮ್ ಪಟ್ಟಿ ಕತ್ತರಿಸುವ ಮೆಷಿನ್ ಮೇಲಿನ ಒಂದೂವರೆ ಲಕ್ಷದಲ್ಲಿ ಸೇರಿಲ್ಲ. ನೀವೇ ಕತ್ತರಿಸುವಾಗ ಪಟ್ಟಿಯ ಲೆಕ್ಕ ಇದು: ಫೋಟೊದ ನಾಲ್ಕೂ ಬದಿ ಕೂಡಿಸಿ, ಅದಕ್ಕೆ ಪಟ್ಟಿಯ ಅಗಲದ ಎಂಟರಷ್ಟು ಸೇರಿಸಿ. ಒಂದಿಂಚು ಪಟ್ಟಿಯಲ್ಲಿ 12x18ಕ್ಕೆ 60+8, ಅಂದರೆ 68 ಇಂಚು. ಹತ್ತಡಿ ಪಟ್ಟಿಯಲ್ಲಿ 52 ಇಂಚು ಉಳಿಯಿತು. 8x10ಕ್ಕೆ ಬೇಕಾದದ್ದು 36+8, ಅಂದರೆ 44. ಹೀಗೆ ಎರಡು ಆರ್ಡರನ್ನು ಜೋಡಿಸಿ ಕತ್ತರಿಸಿದರೆ ಚೂರು ಎಂಟಿಂಚು ಮಾತ್ರ. 12x18 ಒಂದನ್ನೇ ಕತ್ತರಿಸಿ ಉಳಿದದ್ದನ್ನು ಮೂಲೆಗೆ ಎಸೆದರೆ ನಾಲ್ಕಡಿಗೂ ಹೆಚ್ಚು ಪಟ್ಟಿ ನಷ್ಟ. ಮೂರು ಮೂಲೆ ಕೂಡಿ ನಾಲ್ಕನೆಯದರಲ್ಲಿ ಸಂದು ಬಿಟ್ಟರೆ ಅಂಟು ತುಂಬಿ ಮುಚ್ಚಬೇಡಿ, ಎದುರುಬದುರು ತುಂಡುಗಳನ್ನು ಒಂದರ ಮೇಲೊಂದಿಟ್ಟು ಉದ್ದ ನೋಡಿ. ಉದ್ದ ಒಂದೇ ಇದ್ದರೆ ಬ್ಲೇಡಿನ 45 ಡಿಗ್ರಿ ಜರುಗಿದೆ. ಫೋಟೊ ಗಾಜಿಗೆ ತಾಗದಂತೆ ನಡುವೆ ದಪ್ಪ ರಟ್ಟಿನ ಮೌಂಟ್ ಬೋರ್ಡ್ ಕೊಡಿ. ತಾಗಿದರೆ ಮಳೆಗಾಲದ ತೇವಕ್ಕೆ ಅಂಟಿಕೊಂಡು, ಬಿಡಿಸುವಾಗ ಮುಖದ ಮೇಲಿನ ಬಣ್ಣ ಗಾಜಿನಲ್ಲೇ ಉಳಿಯುತ್ತದೆ. ತೀರಿಕೊಂಡವರ ಹಳೆಯ ಫೋಟೊ ಕಟ್ಟು ಹಾಕಲು ಬಂದಾಗ ಮೊದಲು ಸ್ಕ್ಯಾನ್ ಮಾಡಿಟ್ಟುಕೊಂಡು, ಆಮೇಲೆ ಕೈಹಾಕಿ.