ಸಿಂಕಿಗೆ ಹೋಗುತ್ತಿದ್ದ ಅರ್ಧ ಟ್ಯೂಬ್ ಬಣ್ಣ

ಮೈಸೂರಿನಲ್ಲಿ ನಾಲ್ಕು ಕುರ್ಚಿಯ ಸಲೂನ್ ನೋಡಿಕೊಳ್ಳುತ್ತೇನೆ. ಒಂದು ತಿಂಗಳ ಕೊನೆಗೆ ಸ್ಟಾಕ್ ಎಣಿಸುವಾಗ ಲೆಕ್ಕ ತಾಳೆಯಾಗಲಿಲ್ಲ. ನಮ್ಮಲ್ಲಿ ಜಾಸ್ತಿ ಓಡುವ ಕೂದಲ ಬಣ್ಣ 4 ನಂಬರ್ ಬ್ರೌನ್. ತಿಂಗಳ ಮೊದಲಿದ್ದ ಟ್ಯೂಬಿಗೆ ಹೊಸದಾಗಿ ತಂದದ್ದನ್ನು ಕೂಡಿಸಿ, ಉಳಿದದ್ದನ್ನು ಕಳೆದರೆ 31 ಟ್ಯೂಬ್ ಖರ್ಚಾಗಿತ್ತು. ಬುಕ್ಕಿನಲ್ಲಿ ಆ ಬಣ್ಣ ಹಾಕಿಸಿಕೊಂಡವರು 34 ಜನ, ಎಲ್ಲವೂ ಬೇರಿನ ಟಚ್ ಅಪ್. ಒಂದು ಇಂಚು ಬೆಳೆದ ಬೇರಿಗೆ ಸಾಧಾರಣ 30 ಗ್ರಾಂ ಬಣ್ಣ ಸಾಕು. ಟ್ಯೂಬ್ 60 ಗ್ರಾಂ. ಅಂದರೆ 17 ಟ್ಯೂಬಿನಲ್ಲಿ ಮುಗಿಯಬೇಕಿತ್ತು.

ನನಗೆ ಮೊದಲು ಬಂದದ್ದು ಕಳ್ಳತನದ ಅನುಮಾನ. ಕಪಾಟಿಗೆ ಬೀಗ ಹಾಕಿ, ಒಬ್ಬರಿಗೆ ಅರ್ಧ ಟ್ಯೂಬ್ ಅಂತ ನಾನೇ ಕೊಡಲು ಶುರು ಮಾಡಿದೆ. ಅದು ದೊಡ್ಡ ತಪ್ಪು. ದಟ್ಟ ಕೂದಲಿನ ಒಬ್ಬರಿಗೆ ಹುಡುಗಿ ಇದ್ದಷ್ಟೇ ಬಣ್ಣವನ್ನು ಎಳೆದೆಳೆದು ತೆಳ್ಳಗೆ ಹಚ್ಚಿದಳು. ಕಿವಿಯ ಮೇಲಿನ ಬಿಳಿ ಕೂದಲು ಹಾಗೇ ಉಳಿಯಿತು. ಮೂರು ದಿನಕ್ಕೆ ಅವರು ವಾಪಸ್ ಬಂದರು, ದುಡ್ಡಿಲ್ಲದೆ ಮತ್ತೆ ಹಚ್ಚಿಕೊಡಬೇಕಾಯಿತು. ಬಿಳಿ ಕೂದಲು ಮುಚ್ಚಬೇಕಾದರೆ ಬಣ್ಣ ದಪ್ಪಗೆ ಕೂರಬೇಕು. ಅಲ್ಲಿ ಉಳಿಸಲು ಹೋಗಬಾರದು.

ಬೀಗ ತೆಗೆದೆ. ಎರಡು ವಾರ ಬೇರೇನೂ ಬದಲಿಸಲಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ಸಿಂಕಿನ ಪಕ್ಕ ಇಟ್ಟೆ. ಬೌಲ್ ತೊಳೆಯುವ ಮುಂಚೆ ತೂಗಿ, ಖಾಲಿ ಬೌಲಿನ ತೂಕ ಕಳೆದು ಬರೆಯಿರಿ ಅಂದೆ. ಕಾರಣ ಅಲ್ಲೇ ಸಿಕ್ಕಿತು. ಪೂರ್ತಿ ಟ್ಯೂಬ್ 60 ಗ್ರಾಂ, ಬಣ್ಣ ಹಿಡಿಯಲೆಂದು ಬೆರೆಸುವ ಡೆವಲಪರ್ ಅದರ ಒಂದೂವರೆ ಪಾಲು ಅಂದರೆ 90, ಒಟ್ಟು 150 ಗ್ರಾಂ ಕಲಸುತ್ತಿದ್ದರು. ತಲೆಗೆ ಹೋಗುತ್ತಿದ್ದದ್ದು 75ರಿಂದ 80. ಉಳಿದದ್ದು ಸಿಂಕಿಗೆ. ಡೆವಲಪರ್ ಸೇರಿದ ಕೂಡಲೇ ಬಣ್ಣ ಕೆಲಸ ಶುರು ಮಾಡಿಬಿಡುತ್ತದೆ, ಅದನ್ನು ನಾಳೆಗೆ ಎತ್ತಿಡಲು ಆಗುವುದಿಲ್ಲ. ಯಾರೂ ಕದ್ದಿರಲಿಲ್ಲ. ಅವರ ಮೇಲೆ ಅನುಮಾನ ಪಟ್ಟದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ಯಾಕೆ ಇಷ್ಟು ಕಲಸುತ್ತೀರಿ ಅಂತ ಕೇಳಿದೆ. "ಅಕ್ಕಾ, ಮಧ್ಯದಲ್ಲಿ ಕಮ್ಮಿ ಆದ್ರೆ ಏನ್ ಮಾಡೋದು?" ಅಂದಳು ಒಬ್ಬಳು. ಅವಳ ಭಯ ನಿಜವೇ. ಅದಕ್ಕೆ ಹೀಗೆ ಮಾಡಿದೆವು. ಮೊದಲು 20 ಗ್ರಾಂ ಬಣ್ಣ, 30 ಗ್ರಾಂ ಡೆವಲಪರ್. ಬಿಳಿ ಜಾಸ್ತಿ ಇರುವ ಹಣೆ ಮತ್ತು ಕಿವಿಯ ಹತ್ತಿರ ಮೊದಲು ಹಚ್ಚುವುದು. ಬೌಲ್ ಮುಗಿಯುತ್ತಾ ಬಂದಾಗ ಅದೇ ಅಳತೆಯಲ್ಲಿ 10 ಗ್ರಾಮಿಗೆ 15 ಕಲಸಿಕೊಳ್ಳುವುದು. ತಕ್ಕಡಿ ಕೈಗೆ ಸಿಗುವಂತಿದ್ದರೆ ಒಂದು ನಿಮಿಷದ ಕೆಲಸ. ಕಣ್ಣಳತೆಯಲ್ಲಿ ಸುರಿದರೆ ಮಾತ್ರ ಎರಡನೇ ಬೌಲಿನ ಬಣ್ಣ ಬೇರೆ ಬರುತ್ತದೆ. ಮುಗಿದ ಮೇಲೆ ಆ ಕಸ್ಟಮರ್ ಕಾರ್ಡಿನಲ್ಲಿ ನಂಬರು, ಗ್ರಾಂ, ಡೆವಲಪರ್ ಮೂರನ್ನೂ ಬರೆಯುವುದು. ಮುಂದಿನ ಸಲ ಊಹಿಸುವ ಮಾತೇ ಇಲ್ಲ.

ಅರ್ಧ ಉಳಿದ ಟ್ಯೂಬನ್ನು ಕೆಳಗಿನಿಂದ ಸುತ್ತಿ, ಬಾಯಿಯವರೆಗೆ ಬಣ್ಣ ಬರುವಂತೆ ಒತ್ತಿ, ಮುಚ್ಚಳ ಬಿಗಿ ಮಾಡುತ್ತೇವೆ. ಒಳಗೆ ಗಾಳಿ ಉಳಿದರೆ ಬಣ್ಣ ಕೆಡುತ್ತದೆ. ತೆರೆದ ತಾರೀಖನ್ನು ಮಾರ್ಕರಿನಲ್ಲಿ ಬರೆದು, ತೆರೆದವುಗಳಿಗೇ ಒಂದು ಡಬ್ಬ ಇಟ್ಟಿದ್ದೇವೆ. ಹೊಸದಕ್ಕೆ ಕೈ ಹಾಕುವ ಮೊದಲು ಆ ಡಬ್ಬ ನೋಡಬೇಕು. ಮೂರನೇ ತಿಂಗಳು 36 ಜನಕ್ಕೆ 20 ಟ್ಯೂಬ್ ಹೋಯಿತು.

ಬಣ್ಣದ ಹಾಗೆ ವ್ಯಾಕ್ಸಿನಲ್ಲೂ ನಷ್ಟ ಆಗುತ್ತಿತ್ತು, ಅದು ಬಿಸಿ ಸಾಲದೆ. ಬೆಳಿಗ್ಗೆ ಅವಸರದಲ್ಲಿ ಪೂರ್ತಿ ಕರಗದ ವ್ಯಾಕ್ಸನ್ನೇ ಎತ್ತಿ ಹಚ್ಚುತ್ತಿದ್ದರು. ಅದು ದಪ್ಪಗೆ ಕೂರುತ್ತದೆ, ಸ್ಟ್ರಿಪ್ ಬೇಗ ತುಂಬುತ್ತದೆ, ಚರ್ಮದ ಮೇಲೆ ಅಂಟು ಉಳಿದು ಇನ್ನೊಂದು ಸ್ಟ್ರಿಪ್ ಬೇಕಾಗುತ್ತದೆ. ಹಾಗಂತ ಉರಿ ಜಾಸ್ತಿ ಮಾಡಿದರೆ ನೀರಾಗಿ ಸುಡುತ್ತದೆ. ಈಗ ಬಾಗಿಲು ತೆಗೆದ ಕೂಡಲೇ ಹೀಟರ್ ಹಾಕಿ, ಚಮಚದಿಂದ ಜೇನಿನ ಹಾಗೆ ಎಳೆಯಾಗಿ ಇಳಿಯುವವರೆಗೆ ಕಾಯುತ್ತೇವೆ. 600 ಗ್ರಾಮಿನ ಡಬ್ಬದಲ್ಲಿ ಏಳು ಜನರ ಪೂರ್ತಿ ಕೈ ಆಗುತ್ತಿತ್ತು, ಈಗ ಹತ್ತಾಗುತ್ತದೆ.

ಗ್ಲೌಸ್, ಕುತ್ತಿಗೆ ಪಟ್ಟಿ, ಬೆಡ್‌ಶೀಟ್, ಸ್ಪಾಚುಲಾಗಳಲ್ಲಿ ನಾನು ಉಳಿತಾಯ ಹುಡುಕುವುದಿಲ್ಲ. ಚರ್ಮಕ್ಕೆ ತಾಗಿದ ಸ್ಪಾಚುಲಾ ಮತ್ತೆ ಡಬ್ಬಕ್ಕೆ ಹೋಗಬಾರದು, ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಬೇಡವೇ ಬೇಡ. ಬೆಳಿಗ್ಗೆ ಬುಕಿಂಗ್ ನೋಡಿ ಒಬ್ಬೊಬ್ಬರಿಗೆ ಒಂದೊಂದು ಸೆಟ್ ಕಟ್ಟಿಡುತ್ತೇವೆ, ಅಷ್ಟೇ. ಗೊಂಚಲಾಗಿ ಎಳೆದು ಕೆಳಗೆ ಬೀಳಿಸುವುದು ಅದರಿಂದಲೇ ನಿಂತಿತು.

ಇನ್ನೂ ಹತೋಟಿಗೆ ಬಾರದೆ ಇರುವುದು ಉದ್ದ ಕೂದಲಿಗೆ ಬುಡದಿಂದ ತುದಿಯವರೆಗೆ ಬಣ್ಣ ಹಚ್ಚುವ ಗ್ಲೋಬಲ್ ಕಲರ್. ಮೊದಲ ಸಲ ಬಂದವರಿಗೆ ಎರಡು ಟ್ಯೂಬೋ ಮೂರೋ ಅಂತ ಅಳೆಯಲು ಕಾರ್ಡ್ ಇರುವುದಿಲ್ಲ ಅಲ್ವಾ? ಅಲ್ಲಿ ಈಗಲೂ ಒಂದು ಟ್ಯೂಬ್ ಕಲಸಿ, ತಲೆಯ ಕಾಲು ಭಾಗಕ್ಕೆ ಎಷ್ಟು ಹೋಯಿತು ಅಂತ ನೋಡಿ ಮುಂದಿನದನ್ನು ಕಲಸುತ್ತೇವೆ.