ರೋಜಾ ಇಟ್ಟು ಓಡುವುದು: ಎರಡನೇ ವಾರದ ಲೆಕ್ಕ

ವಿಜಯಪುರದಲ್ಲಿ ಬಿಸಿಲು ಆಗಲೇ ಏರಿದೆ. ಈಗ ಇಫ್ತಾರ್ ಸಂಜೆ 6:35ರ ಆಸುಪಾಸು, ಸಹ್ರಿ ಮುಗಿಯುವುದು ಬೆಳಿಗ್ಗೆ 5:20ರ ಹೊತ್ತಿಗೆ. ಅಂದರೆ ಹದಿಮೂರು ಗಂಟೆಗೂ ಜಾಸ್ತಿ ಹೊತ್ತು ಒಂದು ಹನಿ ನೀರೂ ಇಲ್ಲ. ರಂಜಾನ್ ಪೂರ್ತಿ ಓಟ ನಿಲ್ಲಿಸದೆ, ರೋಜಾನೂ ಕೆಡದ ಹಾಗೆ ಮಾಡಬೇಕು ಅನ್ನುವುದು ಈ ಸಲದ ಗುರಿ. ವೇಗ ಹೆಚ್ಚಿಸಬೇಕೆಂದಿಲ್ಲ. ಇದ್ದ ದಮ್ಮು ಈದ್‌ವರೆಗೆ ಉಳಿದರೆ ಸಾಕು.

ನನ್ನ ಜೊತೆ ಓಡುವ ಗೆಳೆಯ ಶ್ರಾವಣ ಮಾಸದ ಸೋಮವಾರಗಳಲ್ಲಿ ಒಪ್ಪತ್ತು ಮಾಡುವವನು. ಮೊದಲ ದಿನವೇ ಕೇಳಿದ: "ಮುಂಜಾನೆ ತಂಪ ಇರ್ತದಲ್ಲೋ, ಸಹ್ರಿ ಮುಗಿಸಿ ಓಡಿಬಿಡು. ಸಂಜೀತನಕ ಯಾಕ ಕಾಯ್ತಿ?" ಅವನ ಒಪ್ಪತ್ತಿಗೆ ಇದು ಸರಿಯಾದ ಮಾತು. ಅವನು ಓಡಿ ಬಂದು ತಂಬಿಗೆ ನೀರು ಕುಡಿಯಬಹುದು. ನಾನು ಬೆಳಿಗ್ಗೆ ಬೆವರಿಳಿಸಿದರೆ ಆ ನೀರು ವಾಪಸ್ ಬರುವುದು ಸಂಜೆಗೇ. ಕಳೆದದ್ದನ್ನು ಇಡೀ ಹಗಲು, ಅದೂ ನಮ್ಮೂರಿನ ಬಿಸಿಲಲ್ಲಿ, ಹೊತ್ತು ತಿರುಗಬೇಕು. ಆದ್ದರಿಂದ ಹಗುರ ಓಟವನ್ನು ಇಫ್ತಾರ್‌ಗೆ ಹತ್ತಿರ ಇಟ್ಟಿದ್ದೇನೆ: 5:35ಕ್ಕೆ ಶುರು, 6:15ಕ್ಕೆ ಮನೆ. ಬೆವರಿದ ಇಪ್ಪತ್ತು ನಿಮಿಷಕ್ಕೆ ನೀರು ಕೈಗೆ ಬರುತ್ತದೆ. ದಮ್ಮು ಕಟ್ಟುವ ಓಟ ವಾರಕ್ಕೊಮ್ಮೆ ಮಾತ್ರ, ಅದು ತರಾವೀಹ್ ನಮಾಜ್ ಆದ ಮೇಲೆ, ರಾತ್ರಿ.

ಸಂಜೆಯ ಓಟಕ್ಕೂ ಒಂದು ತೊಡಕಿದೆ. ಬಿಸಿಲು ತಗ್ಗಿದರೂ ಡಾಂಬರು ಬಿಸಿಯಾಗಿಯೇ ಇರುತ್ತದೆ, ಮೈಯಲ್ಲಿ ನೀರು ಕಡಿಮೆ ಇರುತ್ತದೆ. ನೀರು ಕಡಿಮೆಯಾದರೆ ರಕ್ತದ ಪ್ರಮಾಣ ತಗ್ಗುತ್ತದೆ. ಅಷ್ಟೇ ಕೆಲಸಕ್ಕೆ ಹೃದಯ ಜಾಸ್ತಿ ಸಲ ಬಡಿಯಬೇಕಾಗುತ್ತದೆ. ರಂಜಾನ್‌ಗೆ ಮುಂಚೆ ಕಿಲೋಮೀಟರ್‌ಗೆ 7 ನಿಮಿಷದ ಹಾಗೆ ಓಡಿದರೆ ನನ್ನ ವಾಚ್ ನಿಮಿಷಕ್ಕೆ 138 ಬಡಿತ ತೋರಿಸುತ್ತಿತ್ತು. ಮೊದಲ ವಾರ ಅದೇ ವೇಗಕ್ಕೆ 149 ಬಂತು. ಹಾಗಾಗಿ ವೇಗ ನೋಡುವುದನ್ನೇ ಬಿಟ್ಟಿದ್ದೇನೆ. 145 ದಾಟಿದರೆ ನಡಿಗೆ, ಇಳಿದರೆ ಮತ್ತೆ ಓಟ. ಹೀಗೆ ಮಾಡಿದರೆ ಕಿಲೋಮೀಟರ್‌ಗೆ 7:40 ಆಗುತ್ತದೆ, ಅದಕ್ಕೆ ಬೇಜಾರಿಲ್ಲ. ವಾಚ್ ಇಲ್ಲದವರಿಗೆ ಮಾತೇ ಅಳತೆ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಆಡಲು ಬಂದರೆ ಸರಿ, ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಜಾಸ್ತಿಯಾಯಿತು ಎಂದರ್ಥ.

ಈ ವಾರದ ಮುಖ್ಯ ಕೆಲಸ ನೀರಿನ ಲೆಕ್ಕ. ಎಷ್ಟು ಕುಡಿಯಬೇಕು ಅಂತ ಸುಮ್ನೆ ಊಹೆ ಮಾಡುವ ಬದಲು ತಕ್ಕಡಿ ಹಿಡಿದೆ. ಬೆವರು ಅಳೆಯಲು ಮನೆಯ ತೂಕದ ಯಂತ್ರವೇ ಸಾಕು. ಓಟಕ್ಕೆ ಮುಂಚೆ ಒಮ್ಮೆ, ಓಡಿ ಬಂದು ಮೈ ಒರೆಸಿಕೊಂಡು ಮತ್ತೊಮ್ಮೆ ನಿಲ್ಲಬೇಕು. ಎರಡು ಸಲವೂ ಬಟ್ಟೆ ಕಡಿಮೆ ಇರಲಿ, ಒದ್ದೆ ಬನಿಯನ್ ಬೇಡ, ಅದರಲ್ಲೇ ಬೆವರು ಕೂತಿರುತ್ತದೆ. ರೋಜಾದಲ್ಲಿ ನಡುವೆ ಏನೂ ಕುಡಿಯುವುದಿಲ್ಲವಲ್ಲ, ಲೆಕ್ಕ ನೇರವಾಗಿದೆ: ಇಳಿದ ಒಂದು ಕಿಲೋ ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು.

ಒಂದು ದಿನದ್ದನ್ನು ಬಿಡಿಸಿ ಹೇಳುತ್ತೇನೆ. ರಂಜಾನ್‌ಗೆ ಮುಂಚೆ ಬೆಳಿಗ್ಗೆ ಎದ್ದು ಶೌಚ ಮುಗಿಸಿದ ಮೇಲೆ ನನ್ನ ತೂಕ 68.2 ಕಿಲೋ ಇರುತ್ತಿತ್ತು. ಅವತ್ತು ಓಟಕ್ಕೆ ಮುಂಚೆ 67.4, ಓಡಿ ಬಂದ ಮೇಲೆ 66.8. ನಲವತ್ತು ನಿಮಿಷಕ್ಕೆ 600 ಮಿಲಿ ಬೆವರು. ಬೆಳಗಿನ ತೂಕಕ್ಕೆ ಹೋಲಿಸಿದರೆ ಒಟ್ಟು 1.4 ಕಿಲೋ ಇಳಿದಿದೆ, ಅಂದರೆ ಶೇ. 2. ಅದೆಲ್ಲ ನೀರೇ ಅಲ್ಲ. ಊಟ ಇಲ್ಲದ್ದೂ ಅದರಲ್ಲಿ ಸೇರಿದೆ. ಆದರೆ ಮೈತೂಕದ ಶೇ. 2ರಷ್ಟು ನೀರು ಹೋದರೆ ಓಟ ಕುಗ್ಗಲು ಶುರುವಾಗುತ್ತದೆ, ಹಾಗಾಗಿ ನನಗೆ ಅದೇ ಗಡಿ. ಬಿಸಿ ಜಾಸ್ತಿ ಇದ್ದ ದಿನ ಓಟವನ್ನು ಇಪ್ಪತ್ತೈದು ನಿಮಿಷಕ್ಕೆ ಇಳಿಸುತ್ತೇನೆ.

ಬೆವರಿದಷ್ಟೇ ಕುಡಿದರೆ ಸಾಲದು, ಸ್ವಲ್ಪ ಮೂತ್ರದಲ್ಲಿ ಹೋಗುತ್ತದೆ. ಒಂದೂವರೆ ಪಟ್ಟು ಬೇಕು. 600 ಮಿಲಿಗೆ 900 ಮಿಲಿ. ಅದರ ಮೇಲೆ ಹಗಲಿನ ಮಾಮೂಲಿ ಖರ್ಚು. ಎಲ್ಲ ಸೇರಿ ರಾತ್ರಿಯೊಳಗೆ ಎರಡೂವರೆ ಲೀಟರ್ ಹತ್ತಿರ ಇಟ್ಟುಕೊಂಡಿದ್ದೇನೆ, ಹಣ್ಣು ಸಾರಿನಲ್ಲಿರುವ ನೀರು ಬೇರೆ.

ಹೇಗೆ ಹಂಚುವುದು ಅನ್ನುವುದರಲ್ಲೇ ಎಲ್ಲ ಇದೆ. ನಮ್ಮ ಮನೆಯಲ್ಲಿ ಸಹ್ರಿ ಮುಗಿಯಲು ಹತ್ತು ನಿಮಿಷ ಇದ್ದಾಗ ಎಲ್ಲರೂ ಚೊಂಬು ಎತ್ತುತ್ತಾರೆ. ಒಂದೂವರೆ ಲೀಟರ್ ಗಟಗಟ ಕುಡಿದರೆ ಹೆಚ್ಚಾದದ್ದನ್ನು ಮೂತ್ರಪಿಂಡ ಒಂದೆರಡು ಗಂಟೆಯಲ್ಲಿ ಹೊರಗೆ ಹಾಕಿಬಿಡುತ್ತದೆ. ಮಧ್ಯಾಹ್ನಕ್ಕೆ ಅದು ಉಳಿಯುವುದಿಲ್ಲ. ನಾನು ಹೀಗೆ ಹಂಚಿದ್ದೇನೆ. ಇಫ್ತಾರ್‌ಗೆ ಖರ್ಜೂರದ ಜೊತೆ ಎರಡು ಲೋಟ ನೀರು, ನಿಧಾನವಾಗಿ. ಮಗ್ರಿಬ್ ನಮಾಜ್ ಆದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಒಂದು ದೊಡ್ಡ ಲೋಟ. ಬೆವರಲ್ಲಿ ಉಪ್ಪೂ ಹೋಗಿರುತ್ತದೆ, ಉಪ್ಪಿದ್ದರೆ ನೀರು ಮೈಯಲ್ಲಿ ನಿಲ್ಲುತ್ತದೆ. ಊಟದ ಜೊತೆ ಎರಡು ಲೋಟ. ತರಾವೀಹ್‌ನಿಂದ ಬಂದ ಮೇಲೆ ಮುಕ್ಕಾಲು ಲೀಟರ್ ಬಾಟಲಿ, ಮಲಗುವವರೆಗೆ ಗುಟುಕು ಗುಟುಕಾಗಿ. ಸಹ್ರಿಯಲ್ಲಿ ಎರಡು ಲೋಟ, ಜೊತೆಗೆ ರೊಟ್ಟಿ, ಕಾಳುಪಲ್ಯ, ಮೊಸರು. ಈಗ ಕಲ್ಲಂಗಡಿ, ದ್ರಾಕ್ಷಿ ಕಾಲ. ತಟ್ಟೆಯಲ್ಲಿ ಅವು ಇದ್ದೇ ಇರುತ್ತವೆ. ಅಮ್ಮಿ ಮಾಡುವ ಬಜ್ಜಿ ಬಿಡಲಾಗುವುದಿಲ್ಲ, ಆದರೆ ಅದು ಊಟದ ಹೊತ್ತಿಗೆ. ಖಾಲಿ ಹೊಟ್ಟೆಗೆ ಎಣ್ಣೆ ಬಿದ್ದರೆ ಹೊಟ್ಟೆಯಿಂದ ನೀರು ಮುಂದೆ ಹೋಗುವುದು ತಡವಾಗುತ್ತದೆ.

ಲೆಕ್ಕ ಸರಿಯಾಯಿತೋ ಇಲ್ಲವೋ ಅನ್ನುವುದು ಮರುದಿನ ಸಹ್ರಿಗೆ ಎದ್ದಾಗ ಗೊತ್ತಾಗುತ್ತದೆ. ಏನೂ ತಿನ್ನುವ ಮುಂಚೆ ತೂಕ 68.2ಕ್ಕೆ ಅರ್ಧ ಕಿಲೋ ಒಳಗೆ ಇದ್ದು, ಮೂತ್ರ ತಿಳಿ ಹಳದಿ ಇದ್ದರೆ ಅವತ್ತು ಓಡುತ್ತೇನೆ. ಒಂದು ಕಿಲೋ ಕಡಿಮೆ ಇದ್ದು ಬಣ್ಣವೂ ಗಾಢವಾಗಿದ್ದರೆ ಸಂಜೆ ಬರೀ ನಡಿಗೆ. ಮಧ್ಯಾಹ್ನದ ಬಣ್ಣ ನೋಡಿ ಗಾಬರಿಯಾಗಬೇಕಿಲ್ಲ. ರೋಜಾದಲ್ಲಿ ಅದು ಗಾಢವಾಗಿಯೇ ಇರುತ್ತದೆ.

ರಾತ್ರಿಯ ಗಟ್ಟಿ ಓಟ ಚಿಕ್ಕದು: ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, ಮೂರು ನಿಮಿಷ ಜೋರು, ಎರಡು ನಿಮಿಷ ನಡಿಗೆ, ಹೀಗೆ ನಾಲ್ಕು ಸಲ. ಮುಂಚೆ ಆರು ಸಲ ಮಾಡುತ್ತಿದ್ದೆ. ಜೋರನ್ನು ಉಳಿಸಿಕೊಂಡು ಸಂಖ್ಯೆ ಇಳಿಸಿದರೆ ದಮ್ಮು ಹೋಗುವುದಿಲ್ಲ. ತೊಂದರೆ ಇರುವುದು ನಿದ್ದೆಗೆ. ಹತ್ತೂವರೆಗೆ ಮುಗಿಸಿದರೂ ಮೈ ತಣ್ಣಗಾಗುವುದು ತಡವಾಗುತ್ತದೆ, ನಾಲ್ಕೂಕಾಲಿಗೆ ಸಹ್ರಿಗೆ ಏಳಬೇಕು. ಅದಕ್ಕೇ ಮರುದಿನ ರಜೆ ಇರುವ ಶನಿವಾರ ರಾತ್ರಿ ಅದನ್ನು ಇಟ್ಟಿದ್ದೇನೆ. ಮಧ್ಯಾಹ್ನದ ಜುಹರ್ ನಮಾಜ್ ಆದ ಮೇಲೆ ಅರ್ಧ ಗಂಟೆ ಮಲಗಿ ಬಾಕಿ ತೀರಿಸುತ್ತೇನೆ.

ಒಂದು ವಿಷಯದಲ್ಲಿ ರಾಜಿ ಇಲ್ಲ. ತಲೆ ಸುತ್ತು, ಬಿಸಿಯಲ್ಲೂ ಚಳಿ ಬಂದಂತಾಗುವುದು, ಮಾತು ತಡವರಿಸುವುದು, ಇವುಗಳಲ್ಲಿ ಒಂದು ಕಂಡರೂ ನೆರಳಿಗೆ ಹೋಗಿ ತಲೆ, ಕುತ್ತಿಗೆಗೆ ನೀರು ಹಾಕಿಕೊಳ್ಳಬೇಕು. ಅದರಿಂದ ರೋಜಾ ಮುರಿಯುವುದಿಲ್ಲ. ಮಾತು ತಡವರಿಸಿದರೆ, ಇಲ್ಲವೇ ಹತ್ತು ನಿಮಿಷದಲ್ಲಿ ಇಳಿಯದಿದ್ದರೆ ರೋಜಾ ಬಿಟ್ಟು ನೀರು ಕುಡಿದು ಆಸ್ಪತ್ರೆಗೆ. ಬಿಟ್ಟದ್ದನ್ನು ಆಮೇಲೆ ಬೇರೆ ದಿನ ಇಟ್ಟು ಕಜಾ ಮಾಡಲು ಅವಕಾಶವಿದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಬಿಪಿಗೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು ನನ್ನ ಈ ಲೆಕ್ಕ ಹಿಡಿಯಬಾರದು. ಡಾಕ್ಟರ್ ಹತ್ತಿರ ಮೊದಲೇ ಕೂತು ಮಾತ್ರೆಯ ಹೊತ್ತು, ಪ್ರಮಾಣ ಕೇಳಿಕೊಳ್ಳಬೇಕು.

ಮುಂದಿನ ವಾರ ಭೂತನಾಳ ಕೆರೆಯ ಕಡೆ ಅದೇ 145ರ ಮಿತಿಯಲ್ಲಿ ಓಡಿ ನೋಡುವವನಿದ್ದೇನೆ. ಕಿಲೋಮೀಟರ್‌ಗೆ ಹಿಡಿಯುವ ಹೊತ್ತು 7:40ಕ್ಕಿಂತ ಕಡಿಮೆಯಾದರೆ ಮೈ ಬಿಸಿಗೆ ಹೊಂದಿಕೊಳ್ಳುತ್ತಿದೆ ಎಂದು ತಿಳಿಯಬಹುದು. ಹೊಂದಿಕೊಂಡ ಮೈ ಬೇಗ, ಜಾಸ್ತಿ ಬೆವರುತ್ತದೆ. ಆಗ 600 ಮಿಲಿಯ ಲೆಕ್ಕ ಸಾಲುವುದಿಲ್ಲ, ತಕ್ಕಡಿ ಮತ್ತೆ ಹತ್ತಬೇಕು.