ಚರ್ಚಿನ ಗೋಪುರ ನೆಟ್ಟಗಾಯಿತು, ಶಿಲುಬೆಯೂ ಉಳಿಯಿತು

ಭಾನುವಾರ ಬಂದರೆ ಕ್ಯಾಮೆರಾ ಹಿಡಿದು ಮೈಸೂರಿನ ಹಳೆ ಕಟ್ಟಡ ಸುತ್ತೋದು ನನ್ನ ಹುಚ್ಚು. ಈ ತಿಂಗಳು ಸಂತ ಫಿಲೋಮಿನಾ ಚರ್ಚ್ ಹತ್ತಿರವೇ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲ ವಾರ ತೆಗೆದ ಫೋಟೋ ನೋಡಿ ತಂಗಿ ನಕ್ಕಳು. "ಅಣ್ಣ, ಎರಡೂ ಗೋಪುರ ತಲೆ ಹತ್ತಿರ ತಂದು ಗುಟ್ಟು ಮಾತಾಡ್ತಾ ಇವೆ ನೋಡು." ನಿಜ. ಗೋಪುರದ ಎತ್ತರ 175 ಅಡಿ. ನಾನು ನಿಂತಿದ್ದು ಸುಮಾರು 50 ಮೀಟರ್ ದೂರದಲ್ಲಿ, 18 ಎಂಎಂ ಲೆನ್ಸ್ ಹಾಕಿ, ಕ್ಯಾಮೆರಾ ಉದ್ದಕ್ಕೆ ಹಿಡಿದು. ತುದಿಯ ಶಿಲುಬೆ ಸಿಗಬೇಕು ಅಂದರೆ ಕ್ಯಾಮೆರಾವನ್ನು ಹತ್ತಿರಹತ್ತಿರ 15 ಡಿಗ್ರಿ ಮೇಲಕ್ಕೆ ಎತ್ತಬೇಕಾಯಿತು. ಸೆನ್ಸರ್ ಗೋಡೆಗೆ ಸಮನಾಗಿ ನಿಲ್ಲದಿದ್ದರೆ ನೆಟ್ಟಗಿನ ಗೆರೆಗಳು ಮೇಲೆ ಹೋಗ್ತಾ ಒಂದಕ್ಕೊಂದು ಹತ್ತಿರವಾಗುತ್ತವೆ. ಅದು ಲೆನ್ಸಿನ ತಪ್ಪಲ್ಲ.

ರಾತ್ರಿ ಡಾರ್ಕ್‌ಟೇಬಲ್ ಅನ್ನೋ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಮೊದಲು lens correction ಹಾಕಿದೆ. ಲೆನ್ಸಿನಿಂದ ಗೆರೆಯೇ ಬಾಗಿದ್ದರೆ, ಆ ಬಾಗು ತೆಗೆಯದೆ ಗೋಪುರ ನೆಟ್ಟಗೆ ಮಾಡೋದು ಹೇಗೆ? ಆಮೇಲೆ rotate and perspective ತೆರೆದು, ಗೆರೆಗಳನ್ನು ಅದೇ ಹುಡುಕಲಿ ಅಂತ ಬಿಟ್ಟೆ. ಇಡೀ ಚರ್ಚ್ ಒಂದು ಪಕ್ಕಕ್ಕೆ ವಾಲಿತು! ಕಾರಣ ತಿಳಿಯೋಕೆ ಅರ್ಧ ಗಂಟೆ ಹೋಯಿತು. ಗೋಪುರದ ಮೇಲ್ಭಾಗ ಹುಟ್ಟಿನಿಂದಲೇ ಚೂಪು, ಅದರ ಅಂಚು ಓರೆಯಾಗೇ ಇರಬೇಕು. ಬಿಸಿಲು ಬಿದ್ದ ಕಡೆಯ ಅಂಚುಗಳು ಎದ್ದು ಕಾಣ್ತಿದ್ದವು. ಸಾಫ್ಟ್‌ವೇರ್ ಅವನ್ನೇ ನೆಟ್ಟಗಿನ ಗೆರೆ ಅಂದುಕೊಂಡಿತ್ತು. ಅವನ್ನೆಲ್ಲ ತೆಗೆದುಹಾಕಿ, ಚೂಪು ಶುರುವಾಗೋಕೆ ಮುಂಚಿನ ಚೌಕ ಗೋಪುರದ ಮೂಲೆಗಳ ಮೇಲೆ ನಾನೇ ಗೆರೆ ಎಳೆದೆ. ಎಡ ಗೋಪುರದಲ್ಲಿ ಎರಡು, ಬಲದಲ್ಲಿ ಎರಡು. ಗೋಪುರ ಸಟ್ಟನೆ ನೆಟ್ಟಗಾಯಿತು.

ಆದರೆ ಶಿಲುಬೆಗಳು ಮಾಯ.

ಇಲ್ಲಿ ಏನಾಗುತ್ತದೆ ಅಂದರೆ, ಸರಿಪಡಿಸಿದ ಚಿತ್ರ ಮೇಲೆ ಅಗಲ, ಕೆಳಗೆ ಕಿರಿದು. ನನ್ನ ಫೋಟೋದಲ್ಲಿ ಕೆಳಗಿನ ಅಗಲ ಮೇಲಿನದರ 70%ಗೆ ಇಳಿದಿತ್ತು. ಜೊತೆಗೆ ಚಿತ್ರದ ಎತ್ತರವೂ ಹಿಗ್ಗುತ್ತದೆ. ಕ್ರಾಪ್ original format ಅಂತ ಇತ್ತು. ಅಂದರೆ ಹಳೆಯ 2:3 ಅಳತೆ ಬಿಡಲ್ಲ ಅಂತ ಹಟ. ಅಗಲ ಕಡಿಮೆಯಾದ ಲೆಕ್ಕಕ್ಕೆ ಎತ್ತರವನ್ನೂ ಐದನೇ ಒಂದು ಭಾಗ ಕತ್ತರಿಸಿತು. ಅದನ್ನು largest area ಮಾಡಿದ ಮೇಲೆ ಶಿಲುಬೆ ವಾಪಸ್ ಬಂದವು. ಚಿತ್ರ ಸ್ವಲ್ಪ ಸಪೂರ ಆಯಿತು, ಆಗಲಿ. ಫ್ರೇಮ್ ಅಂಗಡಿಯವರ ಅಳತೆಗೆ ಚರ್ಚ್ ಕತ್ತರಿಸೋಕಾಗುತ್ತಾ?

ಇನ್ನೂ ಅಗಲ ಬೇಕಿದ್ದರೆ ಒಂದು ದಾರಿ ಇದೆ. ಕೆಳಗಿನ ನೆಲ ಬಿಟ್ಟುಕೊಡಬೇಕು. ಖಾಲಿ ಮೂಲೆಗಳು ಇರೋದು ಕೆಳಗೇ, ಹಾಗಾಗಿ ಕ್ರಾಪ್‌ನ ಕೆಳಗಿನ ಅಂಚನ್ನು ಮೇಲಕ್ಕೆ ತಂದಷ್ಟೂ ಪಕ್ಕಕ್ಕೆ ಜಾಗ ಸಿಗುತ್ತದೆ. ನನ್ನ ಫೋಟೋದಲ್ಲಿ ಕೆಳಗೆ ಇದ್ದದ್ದು ಬರೀ ನೆಲ, ಒಬ್ಬರ ಚಪ್ಪಲಿ. ಧಾರಾಳವಾಗಿ ಕೊಟ್ಟೆ.

ಎರಡನೇ ವಾರ ಲೆಕ್ಕ ಹಾಕಿಕೊಂಡು ಹೋದೆ. ಇದೇ ಲೆನ್ಸಿಗೆ 80 ಮೀಟರ್ ಹಿಂದೆ ಹೋದರೆ ಕ್ಯಾಮೆರಾ ಎತ್ತೋದೇ ಬೇಡ, ಶಿಲುಬೆ ಮೇಲಿನ ಅಂಚಿಗೆ ಬಂದು ತಾಗುತ್ತದೆ. ಫೋಟೋದ ಕೆಳಗಿನ ಅರ್ಧ ನೆಲವೇ ಬರುತ್ತದೆ, ಅದನ್ನು ಕತ್ತರಿಸಬಹುದು. ಆದರೆ ಅಷ್ಟು ಹಿಂದೆ ಹೋದಾಗ ನನಗೆ ಮರದ ಕೊಂಬೆ ಅಡ್ಡ ಬಂತು. ಸುಮಾರು 65 ಮೀಟರ್‌ಗೆ, ನನ್ನ ಕಾಲಲ್ಲಿ 90 ಹೆಜ್ಜೆಗೆ, ನಿಂತೆ. ಎತ್ತಿದ್ದು 8 ಡಿಗ್ರಿ. ಈ ಸಲ ಕೆಳಗಿನ ಅಗಲದಲ್ಲಿ ಹೋಗಿದ್ದು ಆರನೇ ಒಂದು ಭಾಗ ಮಾತ್ರ. ಇಪ್ಪತ್ತು ಹೆಜ್ಜೆ ಹಿಂದೆ ಸರಿದರೆ ಇಷ್ಟು ಉಳಿಯುತ್ತೆ ಅಂತ ಮೊದಲೇ ಗೊತ್ತಿದ್ದರೆ!

ಪೂರ್ತಿ ನೆಟ್ಟಗೆ ಮಾಡಿದಾಗ ಗೋಪುರ ತಲೆಭಾರ ಆದಂತೆ, ಹೊರಕ್ಕೆ ವಾಲಿದಂತೆ ಕಂಡಿತು. ಕೆಳಗಿನಿಂದ ಎತ್ತರ ನೋಡೋವಾಗ ಸ್ವಲ್ಪ ಒಳವಾಲು ಕಣ್ಣಿಗೆ ಅಭ್ಯಾಸ ಅಲ್ವಾ? ಸ್ಲೈಡರ್ ಸ್ವಲ್ಪ ವಾಪಸ್ ಎಳೆದು ಹತ್ತರಲ್ಲಿ ಒಂದು ಪಾಲು ವಾಲು ಉಳಿಸಿದೆ. ಅದರಿಂದ ಮೂಲೆಗಳೂ ಒಂದಿಷ್ಟು ಉಳಿದವು.

ವಾಪಸ್ ಬರುವಾಗ ಕುಕ್ಕರಹಳ್ಳಿ ಕೆರೆಯಲ್ಲಿ ಒಂದು ಫೋಟೋ ತೆಗೆದೆ, ಸ್ವಲ್ಪ ವಾಲಿತ್ತು. ಆಚೆ ದಡಕ್ಕೆ ಗೆರೆ ಹಿಡಿದು ತಿರುಗಿಸಿದೆ, ಇನ್ನೂ ವಾಲಿದ ಹಾಗೇ ಕಾಣ್ತಿತ್ತು. ದಡ ನಮಗೆ ಓರೆಯಾಗಿ ದೂರ ಹೋಗ್ತಿದ್ದರೆ ಫೋಟೋದಲ್ಲೂ ಅದು ಓರೆಯೇ, ಅದನ್ನು ನಂಬಬಾರದು. ಫೋಟೋದ ನಡುವಿನ ಒಂದು ಮರದ ತುದಿಯಿಂದ ನೀರಲ್ಲಿ ಕಾಣೋ ಅದರ ಪ್ರತಿಬಿಂಬದ ತುದಿಗೆ ಗೆರೆ ಎಳೆದೆ. ಆ ಗೆರೆ ನೆಟ್ಟಗಿರಲೇಬೇಕು. ತಿರುಗಿಸಬೇಕಿದ್ದದ್ದು 1 ಡಿಗ್ರಿ ಅಷ್ಟೇ, ದಡದ ಲೆಕ್ಕದಲ್ಲಿ 3 ಆಗಿತ್ತು. 2:3 ಫೋಟೋದಲ್ಲಿ 1 ಡಿಗ್ರಿಗೆ 5% ಜಾಗ ಹೋಗುತ್ತದೆ, 3 ಡಿಗ್ರಿಗೆ ಸುಮಾರು 14%. ಸುಮ್ನೆ ಒಂಬತ್ತು ಕಳೆದುಕೊಳ್ತಿದ್ದೆ.

ಮುಂದಿನ ಭಾನುವಾರ ದೊಡ್ಡ ಗಡಿಯಾರ. ಅಲ್ಲಿ ಹಿಂದೆ ಸರಿಯೋಣ ಅಂದರೆ ಬೆನ್ನಿಗೆ ಆಟೋ.